ಭಿನ್ನರಾಶಿಯಿಂದ ಭಾಗಿಸುವಾಗ ಅದನ್ನು ತಿರುಗಿಸಿ ಗುಣಿಸುವುದೇಕೆ?

ಪ್ರಶ್ನೆ: ಭಿನ್ನರಾಶಿಯಿಂದ ಭಾಗಿಸಬೇಕಾದರೆ ಅದನ್ನು ತಲೆಕೆಳಗು ಮಾಡಿ ಗುಣಿಸಬೇಕು ಎಂದಷ್ಟೇ ಶಾಲೆಯಲ್ಲಿ ಹೇಳಿಕೊಟ್ಟರು. ಯಾಕೆ ಹಾಗೆ? ಮಗಳಿಗೆ ಚಿತ್ರ ಬರೆದೋ ಕಥೆ ಹೇಳಿಯೋ ತಿಳಿಸುವ ದಾರಿ ಇದೆಯೇ?

ಉತ್ತರ: 3/4 ÷ 2/3 ಎಂಬ ಒಂದೇ ಲೆಕ್ಕವನ್ನು ಹಿಡಿದು ನೋಡೋಣ. ಇದಕ್ಕೆ ಎರಡು ಬಗೆಯ ಕಥೆಗಳನ್ನು ಕಟ್ಟಬಹುದು. ‘ಇದರಲ್ಲಿ ಅದು ಎಷ್ಟು ಸಲ ಹಿಡಿಸುತ್ತದೆ’ ಎಂಬ ಕಥೆಯನ್ನೇ ಹೆಚ್ಚಿನವರು ಮೊದಲು ಹೇಳುತ್ತಾರೆ. ಆದರೆ ತಿರುಗಿಸುವುದರ ಕಾರಣ ‘ಪೂರ್ತಿ ಒಂದಕ್ಕೆ ಎಷ್ಟು’ ಎಂಬ ಇನ್ನೊಂದು ಕಥೆಯಲ್ಲಿ ಹೆಚ್ಚು ನೇರವಾಗಿ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಅದರಿಂದಲೇ ಆರಂಭಿಸುತ್ತೇನೆ.

ಮುಕ್ಕಾಲು ಲೀಟರ್ ಬಣ್ಣದಲ್ಲಿ ಒಂದು ಗೋಡೆಯ ಮೂರರಲ್ಲಿ ಎರಡು ಪಾಲನ್ನು ಬಳಿದಾಯಿತು ಎಂದುಕೊಳ್ಳಿ. ಇಡೀ ಗೋಡೆಗೆ ಎಷ್ಟು ಲೀಟರ್ ಬೇಕು? 6 ಲೀಟರಿನಲ್ಲಿ 2 ಗೋಡೆಗಳಾದರೆ ಒಂದಕ್ಕೆ 6 ÷ 2 ಎಂದು ಲೆಕ್ಕ ಹಾಕುತ್ತೇವಲ್ಲವೇ, ಇಲ್ಲಿಯೂ ಅದೇ ಕ್ರಮದಲ್ಲಿ 3/4 ÷ 2/3 ಆಗುತ್ತದೆ. ಈಗ ಗೋಡೆಯನ್ನು ಒಂದು ಆಯತವಾಗಿ ಬರೆದು, ಎರಡು ಗೆರೆಗಳನ್ನು ಎಳೆದು ಮೂರು ಸಮ ಪಟ್ಟಿಗಳನ್ನಾಗಿ ಮಾಡಿ, ಅವುಗಳಲ್ಲಿ ಎರಡಕ್ಕೆ ಬಣ್ಣ ತುಂಬಿಸಲು ಮಗಳಿಗೆ ಹೇಳಿ. ಮುಕ್ಕಾಲು ಲೀಟರ್ ಆ ಎರಡು ಪಟ್ಟಿಗಳಿಗೆ ಸಮನಾಗಿ ಹಂಚಿಹೋಗಿರುವುದರಿಂದ ಒಂದು ಪಟ್ಟಿಗೆ ತಗುಲಿದ್ದು ಅದರ ಅರ್ಧ, ಅಂದರೆ 3/8 ಲೀಟರ್. ಗೋಡೆಯಲ್ಲಿ ಇರುವುದು ಮೂರು ಪಟ್ಟಿ. ಹಾಗಾಗಿ ಇಡೀ ಗೋಡೆಗೆ ಬೇಕಾದದ್ದು 3 × 3/8, ಅಂದರೆ 9/8 ಲೀಟರ್.

ಇಲ್ಲಿ ನಾವು ಮಾಡಿದ್ದು ಇಷ್ಟೇ: ಮೊದಲು 2ರಿಂದ ಭಾಗಿಸಿದೆವು, ಆಮೇಲೆ 3ರಿಂದ ಗುಣಿಸಿದೆವು. ಎರಡನ್ನೂ ಸೇರಿಸಿ ಬರೆದರೆ 3/4 × 3/2. ಬಳಿದ ಪಟ್ಟಿಗಳು ಎರಡಾದ್ದರಿಂದ, ಒಂದು ಪಟ್ಟಿಯ ಲೆಕ್ಕ ಸಿಗಬೇಕಾದರೆ ಅಂಶದಲ್ಲಿದ್ದ 2ರಿಂದ ಭಾಗಿಸಲೇಬೇಕು; ಗೋಡೆಯಲ್ಲಿ ಒಟ್ಟು ಮೂರು ಪಟ್ಟಿಗಳಿರುವುದರಿಂದ ಛೇದದಲ್ಲಿದ್ದ 3ರಿಂದ ಗುಣಿಸಲೇಬೇಕು. ಅಂಶ ಕೆಳಗೆ ಇಳಿದು ಛೇದ ಮೇಲೆ ಬರುವುದು ಈ ಎರಡು ಹೆಜ್ಜೆಗಳಿಂದಲೇ.

ಇನ್ನು ‘ಎಷ್ಟು ಸಲ ಹಿಡಿಸುತ್ತದೆ’ ಎಂಬ ಕಥೆ. ಒಂದು ಆಯತವನ್ನು ಅಡ್ಡಕ್ಕೆ ನಾಲ್ಕು ಸಾಲು, ಉದ್ದಕ್ಕೆ ಮೂರು ಪಟ್ಟಿ ಬರುವಂತೆ ಗೆರೆ ಎಳೆದು 12 ಮನೆಗಳನ್ನಾಗಿ ಮಾಡಿ. ಮೂರು ಸಾಲು ಎಂದರೆ ಆಯತದ 3/4, ಅದು 9 ಮನೆ. ಎರಡು ಪಟ್ಟಿ ಎಂದರೆ 2/3, ಅದು 8 ಮನೆ. ಎರಡೂ ಒಂದೇ ಅಳತೆಯ ಮನೆಗಳಲ್ಲಿ ಸಿಕ್ಕಿದ ಮೇಲೆ ಉಳಿಯುವುದು 9 ಮನೆಗಳಲ್ಲಿ 8ರ ತುಂಡು ಎಷ್ಟು ಸಲ ಹಿಡಿಸುತ್ತದೆ ಎಂಬ ಪ್ರಶ್ನೆ ಮಾತ್ರ, ಉತ್ತರ 9/8. ಹಾಗಾದರೆ ಈ ಚಿತ್ರದಲ್ಲಿ 3/2 ಎಲ್ಲಿದೆ? ಮೊದಲು ಇಡೀ ಆಯತವನ್ನೇ ಕೇಳಿ ನೋಡಿ: 12 ಮನೆಗಳಲ್ಲಿ 8ರ ತುಂಡು ಹಿಡಿಸುವುದು 12/8, ಅಂದರೆ ಒಂದೂವರೆ ಸಲ. ಒಂದರಲ್ಲಿ ಅದು ಎಷ್ಟು ಸಲ ಇದೆ ಎಂಬುದನ್ನೇ 2/3ರ ವ್ಯುತ್ಕ್ರಮವಾದ 3/2 ಹೇಳುತ್ತಿದೆ. ಪೂರ್ತಿ ಆಯತದಲ್ಲಿ ಒಂದೂವರೆ ಸಲ ಇದ್ದರೆ ಅದರ ಮುಕ್ಕಾಲು ಭಾಗದಲ್ಲಿ ಒಂದೂವರೆಯ ಮುಕ್ಕಾಲು ಪಾಲು ಇರುತ್ತದೆ. ಮತ್ತೆ 3/4 × 3/2.

ಈ ಎರಡನೆಯ ಚಿತ್ರದಲ್ಲಿ ಮಕ್ಕಳು ಎಡವುವ ಜಾಗ ಒಂದಿದೆ. 9 ಮನೆಗಳಿಂದ 8ರ ಒಂದು ತುಂಡನ್ನು ತೆಗೆದರೆ ಒಂದು ಮನೆ ಉಳಿಯುತ್ತದೆ. ಅದು ಆಯತದ ಹನ್ನೆರಡನೇ ಒಂದು ಭಾಗವಾದ್ದರಿಂದ ಉತ್ತರವನ್ನು ‘ಒಂದು ಮತ್ತು 1/12’ ಎಂದು ಬರೆದುಬಿಡುತ್ತಾರೆ. ಮನೆಯನ್ನು ಎಣಿಸಿದ್ದು ಸರಿ, ಆದರೆ ಅಳತೆಗೋಲು ತಪ್ಪು. ನಾವು ಅಳೆಯುತ್ತಿರುವುದು 8 ಮನೆಗಳ ತುಂಡಿನಿಂದ. ಉಳಿದ ಮನೆ ಆ ತುಂಡಿನ ಎಂಟನೇ ಒಂದು ಭಾಗ. ಆದ್ದರಿಂದ ಉತ್ತರ ‘ಒಂದು ಮತ್ತು 1/8’, ಅಂದರೆ ಅದೇ 9/8. ಅನುಮಾನ ಬಂದರೆ ಉತ್ತರವನ್ನು ಭಾಜಕದಿಂದ ಗುಣಿಸಿ ನೋಡಲು ಹೇಳಿ: 9/8 × 2/3 ಮಾಡಿದರೆ 3/4 ಮರಳಿ ಸಿಗುತ್ತದೆ, 13/12 × 2/3 ಮಾಡಿದರೆ 13/18 ಬರುತ್ತದೆ.

ಸೊನ್ನೆಯಿಂದ ಭಾಗಿಸಬಾರದು ಏಕೆ ಎಂದು ಅವಳು ಮುಂದೆ ಕೇಳಿದರೆ ಗೋಡೆಯ ಚಿತ್ರವನ್ನೇ ಮತ್ತೆ ತೋರಿಸಬಹುದು. ಒಂದು ಪಟ್ಟಿಯನ್ನೂ ಬಳಿಯದಿದ್ದರೆ ಬಣ್ಣವನ್ನು ಹಂಚಲು ಪಟ್ಟಿಯೇ ಇಲ್ಲ. ಒಂದು ಪಟ್ಟಿಗೆ ಎಷ್ಟು ಎಂಬ ಮೊದಲ ಹೆಜ್ಜೆಯೇ ಸಾಧ್ಯವಾಗುವುದಿಲ್ಲ, ಹಾಗಾಗಿ 0/3ಕ್ಕೆ ವ್ಯುತ್ಕ್ರಮವೂ ಇಲ್ಲ.