ಅಸಲಿನ ಪಕ್ಕ ಮಲಗಿರುವ ಬಡ್ಡಿ

ಪ್ರಶ್ನೆ: ನಾನು ಶಿರಸಿ ತಾಲ್ಲೂಕಿನ ಸಣ್ಣ ಅಡಿಕೆ ಬೆಳೆಗಾರ. ಮಗಳು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾಳೆ. ಬ್ಯಾಂಕಿನಲ್ಲಿ ಆರು ಲಕ್ಷ ಶಿಕ್ಷಣ ಸಾಲ ಮಂಜೂರಾಗಿದೆ. ವರ್ಷಕ್ಕೆ ಒಂದೂವರೆ ಲಕ್ಷದಂತೆ ಮೂರು ಕಂತು ತೆಗೆದಿದ್ದೇವೆ, ಬಡ್ಡಿ ಶೇ. 10. 'ಕೆಲಸ ಸಿಗುವ ತನಕ ಬಡ್ಡಿ ಇಲ್ಲ, ಓದು ನೋಡು' ಎಂದು ಮಗಳಿಗೆ ಹೇಳಿದ್ದೆ. ಚೌತಿಗೆ ಬಂದವಳು ಪಾಸ್‌ಬುಕ್ ನೋಡಿದಳು. ತೆಗೆದದ್ದು ನಾಲ್ಕೂವರೆ ಲಕ್ಷ, ಬಾಕಿ ತೋರಿಸುತ್ತಿರುವುದು 4,95,000ದ ಹತ್ತಿರ. ಅಂದಿನಿಂದ ಓದು ಬಿಟ್ಟು ಕೆಲಸಕ್ಕೆ ಸೇರುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಉಳಿಸಿಟ್ಟ ಚಾಲಿ ಅಡಿಕೆ ಮಾರಿದ 50,000 ಕೈಯಲ್ಲಿದೆ. ಇಂದೇ ಬ್ಯಾಂಕಿಗೆ ಕಟ್ಟಿ ಎನ್ನುತ್ತಾಳೆ ಹೆಂಡತಿ. ಕೋರ್ಸು ಮುಗಿಯುವ ತನಕ ಒಂದು ಪೈಸೆ ಕಟ್ಟಬೇಡ ಎನ್ನುತ್ತಾನೆ ಕುಮಟೆಯ ಭಾವ. ಮಗಳ ಮುಖ ನೋಡಲಾಗುತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಮಗಳ ಹಟದ ಮಾತು, ಏಕೆಂದರೆ ಅದಕ್ಕೆ ಕಾಯುವ ಸಮಯವಿಲ್ಲ. ಮೊರಟೋರಿಯಂ ಎಂಬ ರಿಯಾಯಿತಿ ನಿಂತಿರುವುದೇ ಅವಳು ಓದುತ್ತಿದ್ದಾಳೆ ಎಂಬುದರ ಮೇಲೆ. ಓದುವ ನಾಲ್ಕು ವರ್ಷ, ಆಮೇಲೆ ಒಂದು ವರ್ಷ ಕಂತು ಕೇಳುವುದಿಲ್ಲ ಎಂದು ಬ್ಯಾಂಕು ಒಪ್ಪಿದೆ. ನಡುವೆ ಕಾಲೇಜು ಬಿಟ್ಟರೆ ಆ ಒಪ್ಪಂದವೇ ಮುರಿಯುತ್ತದೆ. ಡಿಗ್ರಿ ಇಲ್ಲದೆ ಸಿಗುವ ಸಂಬಳದಲ್ಲಿ ಬೆಂಗಳೂರಿನ ಬಾಡಿಗೆ ಕೊಟ್ಟು, ಈಗಿನಿಂದಲೇ ನಾಲ್ಕೂವರೆ ಲಕ್ಷದ ಅಸಲು, ಬಡ್ಡಿ ಎರಡನ್ನೂ ತೀರಿಸಬೇಕಾದೀತು. ಬಡ್ಡಿಗೆ ಹೆದರಿ ಓದು ಬಿಟ್ಟರೆ ಕಡಿಮೆಯಾಗುವುದು ಬಡ್ಡಿಯಲ್ಲ, ಅದನ್ನು ತೀರಿಸುವ ಶಕ್ತಿ. ಇದನ್ನು ಅವಳಿಗೆ ಇದೇ ವಾರ ಹೇಳಿ.

ಇನ್ನು ನೀವು ಅವಳಿಗೆ ಹೇಳಿದ ಮಾತು. ಅದು ಸುಳ್ಳಲ್ಲ, ಅರ್ಧ ನಿಜ. ಆ ಅವಧಿಯಲ್ಲಿ ಕಂತಿಗೆ ಬಿಡುವು ಉಂಟು, ಬಡ್ಡಿಗೆ ಇಲ್ಲ. ಮೊದಲ ಕಂತು ಕಾಲೇಜಿನ ಖಾತೆಗೆ ಹೋದ ದಿನವೇ ಅದರ ಮೇಲೆ ಬಡ್ಡಿ ಶುರುವಾಗಿದೆ. ಮೊದಲ ಒಂದೂವರೆ ಲಕ್ಷಕ್ಕೆ ಎರಡು ವರ್ಷದ ಬಡ್ಡಿ 30,000. ಎರಡನೆಯ ಒಂದೂವರೆ ಲಕ್ಷಕ್ಕೆ ಒಂದು ವರ್ಷದ್ದು 15,000. ಮೂರನೆಯದನ್ನು ಈಗಷ್ಟೇ ತೆಗೆದಿದ್ದೀರಿ. ಮಗಳು ಕಂಡ ಹೆಚ್ಚುವರಿ 45,000 ಇದೇ.

ಆದರೆ ಆ 45,000 ಈಗ ಎಲ್ಲಿದೆ ಎಂಬುದು ಮುಖ್ಯ. ಬ್ಯಾಂಕುಗಳ ಸಂಘ ಐಬಿಎ ರೂಪಿಸಿದ ಮಾದರಿ ಯೋಜನೆಯಂತೆ ಕೊಡುವ ಶಿಕ್ಷಣ ಸಾಲದಲ್ಲಿ ಮೊರಟೋರಿಯಂ ಅವಧಿಗೆ ಸರಳ ಬಡ್ಡಿ. ಅಂದರೆ ಬಡ್ಡಿ ಅಸಲಿನ ಪಕ್ಕದಲ್ಲಿ ಸುಮ್ಮನೆ ಮಲಗಿರುತ್ತದೆ, ಅದರ ಮೇಲೆ ಮತ್ತೆ ಬಡ್ಡಿ ಹುಟ್ಟುವುದಿಲ್ಲ. ಇಎಂಐ ಗೊತ್ತುಮಾಡುವ ದಿನ ಬ್ಯಾಂಕು ಅದನ್ನು ಎಬ್ಬಿಸಿ ಅಸಲಿಗೆ ಸೇರಿಸುತ್ತದೆ. ಅಲ್ಲಿಂದಾಚೆ ಬಡ್ಡಿಗೂ ಬಡ್ಡಿ.

ನೀವು ಏನೂ ಕಟ್ಟದೆ ಬಿಟ್ಟರೆ ಆ ದಿನ ಹೇಗಿರುತ್ತದೆ ನೋಡಿ. ಮೊದಲ ಕಂತಿಗೆ ಐದು ವರ್ಷದ ಬಡ್ಡಿ 75,000, ಎರಡನೆಯದಕ್ಕೆ ನಾಲ್ಕು ವರ್ಷದ್ದು 60,000, ಮೂರನೆಯದಕ್ಕೆ 45,000, ಮುಂದಿನ ವರ್ಷ ತೆಗೆಯುವ ನಾಲ್ಕನೆಯದಕ್ಕೆ 30,000. ಒಟ್ಟು 2,10,000. ತೆಗೆದ ಆರು ಲಕ್ಷ ಆ ದಿನ 8,10,000 ಆಗಿ ನಿಲ್ಲುತ್ತದೆ. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 10,700. ಬಡ್ಡಿಯನ್ನು ಮೊದಲೇ ತೀರಿಸಿಕೊಂಡು ಬರೀ ಆರು ಲಕ್ಷದ ಮೇಲೆ ಶುರುಮಾಡಿದ್ದರೆ ಕಂತು 7,930ರ ಆಸುಪಾಸು. ನಡುವಿನ ವ್ಯತ್ಯಾಸವನ್ನು ಹತ್ತು ವರ್ಷ ಕೂಡಿಸಿದರೆ 3,33,000 ಆಗುತ್ತದೆ. ಎರಡು ಲಕ್ಷ ಹತ್ತು ಸಾವಿರದ ಬಡ್ಡಿ ಅಸಲಿನ ಒಳಗೆ ಹೋಗಿ ಹೊರಬರುವಾಗ ಆಗುವ ಮೊತ್ತ ಅದು. ಬಡ್ಡಿದರ ಏರಿಳಿದರೆ ಲೆಕ್ಕವೂ ಅಲುಗಾಡುತ್ತದೆ, ಆದರೆ ಅದರ ರೀತಿ ಇದೇ.

ಹಾಗಾಗಿ ನಿಮ್ಮ ಭಾವ ಹೇಳಿದ್ದರಲ್ಲಿ ಒಂದು ಪಾಲು ಸರಿ. ಇಂದು ಕಟ್ಟಲಿಲ್ಲವೆಂದು ಈ 45,000 ಬೆಳೆಯುವುದಿಲ್ಲ. ಮೂರು ವರ್ಷದ ನಂತರ ಕಟ್ಟಿದರೂ ಅದು ಅಷ್ಟೇ ಇರುತ್ತದೆ. ಅಲ್ಲಿಯವರೆಗೆ ಲೆಕ್ಕಕ್ಕೇ ಇಲ್ಲ ಎಂದು ಮರೆತುಬಿಡುವುದು ಮಾತ್ರ ಸರಿಯಲ್ಲ.

ಇದೆಲ್ಲ ನಿಜವಾಗಬೇಕಾದರೆ ನಿಮ್ಮ ಸಾಲ ಸರಳ ಬಡ್ಡಿಯದ್ದೇ ಆಗಿರಬೇಕು. ಮಂಜೂರಾತಿ ಪತ್ರ ಹುಡುಕಿ, ಅದರಲ್ಲಿ ಬರೆದಿರುತ್ತದೆ. ಪತ್ರದಲ್ಲಿ ಸರಳ ಬಡ್ಡಿ ಎಂದಿದ್ದು ಕಂಪ್ಯೂಟರಿನಲ್ಲಿ ಬೇರೆ ಲೆಕ್ಕ ಓಡುತ್ತಿದ್ದರೂ ನೀವೇ ಹಿಡಿಯಬಹುದು. ಸೆಪ್ಟೆಂಬರಿನಂಥ ಮೂವತ್ತು ದಿನದ ಒಂದು ತಿಂಗಳ ಎಂಟ್ರಿ ತೆಗೆದುಕೊಳ್ಳಿ. ನಾಲ್ಕೂವರೆ ಲಕ್ಷಕ್ಕೆ ಶೇ. 10ರಂತೆ ಮೂವತ್ತು ದಿನದ ಬಡ್ಡಿ 3,699. ಪಾಸ್‌ಬುಕ್ಕಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಬಡ್ಡಿ ಮಲಗಿದೆ. 4,050 ದಾಟಿದ್ದರೆ 4,95,000ದ ಮೇಲೆ ಬಡ್ಡಿ ಹಾಕುತ್ತಿದ್ದಾರೆ ಎಂದರ್ಥ. ತಿಂಗಳ ಲೆಕ್ಕದಲ್ಲಿ ನಾಲ್ಕು ನೂರು ಸಣ್ಣದೆನಿಸೀತು, ಐದು ವರ್ಷ ಹೀಗೇ ಓಡಿದರೆ ಸುಮಾರು 45,000 ಜಾಸ್ತಿಯಾಗುತ್ತದೆ. ಆಗ ಪತ್ರದ ಪ್ರತಿ, ಸ್ಟೇಟ್‌ಮೆಂಟು ಎರಡನ್ನೂ ಹಿಡಿದುಕೊಂಡು ಶಾಖೆಗೆ ಹೋಗಿ, ಲಿಖಿತ ಅರ್ಜಿ ಕೊಡಿ. ಕೌಂಟರಿನಲ್ಲಿ ಬಾಯಲ್ಲಿ ಹೇಳಿ ಬಂದದ್ದು ಮ್ಯಾನೇಜರ್ ವರ್ಗವಾದ ದಿನ ಮಾಯವಾಗುತ್ತದೆ.

ಅದೇ ದಿನ ಇನ್ನೆರಡು ವಿಷಯ ಕೇಳಿಕೊಂಡು ಬನ್ನಿ. ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ, ವೃತ್ತಿಪರ ಕೋರ್ಸಿನ ಮೊರಟೋರಿಯಂ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ 2009ರಿಂದ ಇದೆ. ಸಾಲ ತೆಗೆಯುವಾಗ ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಮಾಡಿಸಿ ಕೊಟ್ಟಿದ್ದಿರಾ, ಕೊಟ್ಟಿದ್ದರೆ ಶಾಖೆಯವರು ಅದನ್ನು ಮೇಲಕ್ಕೆ ಕಳಿಸಿದ್ದಾರೆಯೇ, ಕೇಳಿ. ಇದು ಸಿಗುವುದಾದರೆ ನಾನು ಮುಂದೆ ಹೇಳುವ ಲೆಕ್ಕ ಬಹುತೇಕ ಬೇಡವೇ ಬೇಡ. ಕಾಯಿಲೆಯಂಥ ಕಾರಣವಿಲ್ಲದೆ ನಡುವೆ ಓದು ಬಿಟ್ಟವರಿಗೆ ಇದು ಇಲ್ಲ, ಅದನ್ನೂ ಮಗಳಿಗೆ ಹೇಳಿ. ಎರಡನೆಯದು, ಓದುವಾಗಲೇ ತಿಂಗಳು ತಿಂಗಳು ಬಡ್ಡಿ ಕಟ್ಟುವವರಿಗೆ ಬಡ್ಡಿದರದಲ್ಲಿ ಶೇ. 1 ರಿಯಾಯಿತಿ ಕೊಡುವ ಬ್ಯಾಂಕುಗಳಿವೆ. ಎರಡು ವರ್ಷ ಕಟ್ಟದ ನಿಮಗೆ ಅದು ಇನ್ನೂ ತೆರೆದಿದೆಯೇ ಎಂಬುದು ನಿಮ್ಮ ಬ್ಯಾಂಕಿನ ಷರತ್ತಿಗೆ ಬಿಟ್ಟದ್ದು. ತೆರೆದಿದೆ ಎಂದು ಬರೆದು ಕೊಟ್ಟರೆ ಹೆಂಡತಿಯ ಮಾತೇ ಸರಿ, 45,000 ಕಟ್ಟಿಬಿಡಿ.

ಇವೆರಡೂ ಇಲ್ಲವೆಂದಾದರೆ ಐವತ್ತು ಸಾವಿರವನ್ನು ಏನು ಮಾಡುವುದು? ಇಂದು ಬ್ಯಾಂಕಿಗೆ ಕೊಟ್ಟರೆ ಅವರು ಅದನ್ನು ಮೊದಲು ಬಡ್ಡಿಗೆ ಜಮಾ ಮಾಡುತ್ತಾರೆ. ಹೇಗೂ ಬೆಳೆಯದ 45,000 ತೀರಿ, ಅಸಲಿಗೆ ಹೋಗುವುದು ಐದು ಸಾವಿರ ಮಾತ್ರ. ನಾನಾಗಿದ್ದರೆ ಅದನ್ನು ಒಂದು ವರ್ಷಕ್ಕೆ ಠೇವಣಿ ಇಟ್ಟು, ಮುಂದಿನ ಆಗಸ್ಟಿನಲ್ಲಿ ನಾಲ್ಕನೇ ವರ್ಷದ ಫೀಸಿಗೆ ಕೊಟ್ಟು, ಸಾಲದಲ್ಲಿ ಒಂದೂವರೆ ಲಕ್ಷದ ಬದಲು ಒಂದು ಲಕ್ಷ ಮಾತ್ರ ತೆಗೆಯುತ್ತಿದ್ದೆ. ಮಂಜೂರಾದದ್ದನ್ನೆಲ್ಲ ತೆಗೆಯಲೇಬೇಕೆಂಬ ನಿಯಮವಿಲ್ಲ. ತೆಗೆಯದ ಐವತ್ತು ಸಾವಿರಕ್ಕೆ ಮುಂದಿನ ಎರಡು ವರ್ಷದ ಹತ್ತು ಸಾವಿರ ಬಡ್ಡಿ ಹುಟ್ಟುವುದೇ ಇಲ್ಲ. 8,10,000 ಆಗಬೇಕಿದ್ದದ್ದು 7,50,000ಕ್ಕೆ ನಿಲ್ಲುತ್ತದೆ, ಠೇವಣಿಯ ಬಡ್ಡಿ ನಿಮಗೇ.

ಒಂದು ಎಚ್ಚರಿಕೆ. ತೋಟಕ್ಕೆ ಕೊಳೆರೋಗ ಬಂದ ವರ್ಷ ಕೃಷಿಕರ ಮನೆಯ ಠೇವಣಿ ಅವಧಿಗೆ ಮೊದಲೇ ಮುರಿಯುವುದು ನಿಮಗೆ ಗೊತ್ತಿದ್ದದ್ದೇ. ದುಡ್ಡು ಕೈಯಲ್ಲಿ ನಿಲ್ಲುವುದಿಲ್ಲ ಎಂದು ಅನಿಸಿದರೆ ಮರುಮಾತಿಲ್ಲದೆ ಸಾಲಕ್ಕೆ ಕಟ್ಟಿ, ಲೆಕ್ಕದಲ್ಲಿ ಸೋಲುವುದು ಹತ್ತು ಹನ್ನೆರಡು ಸಾವಿರ ಮಾತ್ರ. ಸೊಸೈಟಿಯ ಬೆಳೆಸಾಲವೇನಾದರೂ ಇದ್ದರೆ ಅದರ ಗಡುವು ತಪ್ಪಿಸಿ ಇದನ್ನು ಕಟ್ಟಲು ಹೋಗಬೇಡಿ. ಸಮಯಕ್ಕೆ ತೀರಿಸಿದರೆ ಬಡ್ಡಿಯೇ ಇಲ್ಲದ ಸಾಲ ಅದು, ದಿನ ಮೀರಿದರೆ ಆ ಅನುಕೂಲ ಹೋಯಿತು.

ಉಳಿದ ಬಡ್ಡಿಯಲ್ಲಿ ಮಗಳಿಗೂ ಒಂದು ಪಾಲು ಕೊಡಿ. ಸಾಲ ಅವಳ ಹೆಸರಿನಲ್ಲೇ ಇದೆ, ನೀವು ಸಹ-ಸಾಲಗಾರ. ಕೋರ್ಸು ಮುಗಿದ ಮೇಲಿನ ಆ ಒಂದು ವರ್ಷ ಐದೂವರೆ ಲಕ್ಷಕ್ಕೆ ತಿಂಗಳಿಗೆ ಸುಮಾರು 4,600 ಬಡ್ಡಿ ಬರುತ್ತದೆ. ಕೆಲಸ ಸಿಕ್ಕ ತಿಂಗಳಿನಿಂದ ಅದನ್ನು ಅವಳೇ ಕಟ್ಟಿಕೊಳ್ಳಲಿ. ಅಲ್ಲಿಯವರೆಗಿನ ಸುಮಾರು 1,45,000ದಲ್ಲಿ ಪ್ರತಿ ವರ್ಷ ಅಡಿಕೆ ಕೊಟ್ಟಾಗ ಆದಷ್ಟನ್ನು ನೀವು ಬೇರೆ ಇಡುತ್ತ ಬನ್ನಿ. ಪೂರ್ತಿ ಆಗದಿದ್ದರೂ ಚಿಂತಿಲ್ಲ. ಅಸಲಿಗೆ ಸೇರುವ ಮೊದಲು ಕಟ್ಟಿದ ಪ್ರತಿ ಹತ್ತು ಸಾವಿರಕ್ಕೆ ಅವಳ ತಿಂಗಳ ಕಂತು 132 ರೂಪಾಯಿ ಇಳಿಯುತ್ತದೆ, ಹತ್ತು ವರ್ಷಕ್ಕೆ ಹದಿನೈದು ಸಾವಿರದ ಎಂಟುನೂರು ಚಿಲ್ಲರೆ.

ಕಾಗದ ಪೆನ್ನು ಹಿಡಿದು ಈ ಲೆಕ್ಕವನ್ನು ಅವಳ ಕೈಯಲ್ಲೇ ಮಾಡಿಸಿ. ಎಂಜಿನಿಯರಿಂಗ್ ಓದುವ ಹುಡುಗಿಗೆ ಇದು ಹತ್ತು ನಿಮಿಷದ ಕೆಲಸ. ಅವಳನ್ನು ಹೆದರಿಸಿದ್ದು ಮೊತ್ತಕ್ಕಿಂತ ಹೆಚ್ಚಾಗಿ, ಅಪ್ಪ ತನ್ನಿಂದ ಏನನ್ನೋ ಮುಚ್ಚಿಟ್ಟಿದ್ದಾರೆ ಎಂಬುದು ಎಂದು ನನಗೆ ತೋರುತ್ತದೆ. ಆಮೇಲೆ, ಮೊರಟೋರಿಯಂ ಮುಗಿಯುವ ತಾರೀಖು ಯಾವುದೆಂದು ಶಾಖೆಯಿಂದ ಬರೆಸಿಕೊಂಡು ಪಾಸ್‌ಬುಕ್ಕಿನ ರಟ್ಟಿನ ಒಳಗೆ ಅಂಟಿಸಿ. ಅದಕ್ಕೆ ಒಂದು ತಿಂಗಳ ಮೊದಲು ಹೋಗಿ ಅಂದಿನವರೆಗಿನ ಬಡ್ಡಿ ಎಷ್ಟೆಂದು ಕೇಳಿ, ಇಟ್ಟದ್ದನ್ನು ಕಟ್ಟಿ, ಹೊಸ ಬಾಕಿಯ ಮೇಲೆ ಇಎಂಐ ಪಟ್ಟಿ ಮಾಡಿಸಿಕೊಳ್ಳಿ. ನಾಲ್ಕು ದಿನ ತಡವಾಗಿ ಸೇರ್ಪಡೆ ಆಗಿಹೋದರೂ ಕಟ್ಟಿದ್ದು ಅಸಲಿನಲ್ಲೇ ಇಳಿಯುತ್ತದೆ. ಆದರೆ ಪಟ್ಟಿ ಆಗಲೇ ಆಗಿರುವುದರಿಂದ ಕಂತು ಹಾಗೇ ಉಳಿದು ವರ್ಷಗಳು ಮಾತ್ರ ಕಡಿಮೆಯಾದಾವು. ಕಂತೇ ಇಳಿಯಬೇಕೆಂದಿದ್ದರೆ ಅದನ್ನು ಅರ್ಜಿಯಲ್ಲಿ ಬಿಡಿಸಿ ಬರೆಯಿರಿ.