ಕಣ್ಣುರೆಪ್ಪೆಯ ಗಂಟು: ಶಾಖ ಸಾಕಾ, ಕೊಯ್ಯಲೇಬೇಕಾ?

"ಮೇಲಿನ ರೆಪ್ಪೆಯಲ್ಲಿ ಎರಡು ತಿಂಗಳಿಂದ ಬಟಾಣಿಯಷ್ಟು ಗಂಟಿದೆ, ನೋವಿಲ್ಲ. ಬಿಸಿ ಬಟ್ಟೆ ಇಟ್ಟರೂ ಕರಗುತ್ತಿಲ್ಲ. ಡೊಂಬಿವಲಿಯ ಡಾಕ್ಟರು ಸಣ್ಣ ಆಪರೇಶನ್ ಅಂದರು. ಬೇಕೇ ಬೇಕಾ?"

ನಾನು ಠಾಣೆಯ ಒಂದು ಕಣ್ಣಿನ ಕ್ಲಿನಿಕ್‌ನಲ್ಲಿ ಆಪ್ಟೋಮೆಟ್ರಿಸ್ಟ್. ನೋವಿಲ್ಲ ಅಂದಿರಲ್ಲ, ಅದೇ ದೊಡ್ಡ ಸುಳಿವು. ಇಲ್ಲಿ ಅಕ್ಕಪಕ್ಕದವರು ಯಾವ ಗುಳ್ಳೆ ಕಂಡರೂ 'ರಾಂಜಣವಾಡಿ' ಅನ್ನುತ್ತಾರೆ. ಅದು ಸ್ಟೈ, ಅಂದರೆ ಕಣ್ಣಿನ ಕುರು. ಬ್ಯಾಕ್ಟೀರಿಯಾದಿಂದ ಬರುತ್ತದೆ, ಹೆಚ್ಚಾಗಿ ರೆಪ್ಪೆಗೂದಲಿನ ಬುಡದಲ್ಲೇ. ಕೆಂಪಾಗಿ, ಮುಟ್ಟಿದರೆ ನೋಯುತ್ತದೆ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಒಡೆದು ಇಳಿಯುತ್ತದೆ. ನಿಮ್ಮದು ಕೆಲಾಜಿಯನ್ ಇರಬಹುದು. ರೆಪ್ಪೆಯೊಳಗಿನ ಎಣ್ಣೆ ಗ್ರಂಥಿಯ ಬಾಯಿ ಕಟ್ಟಿ, ಎಣ್ಣೆ ಒಳಗೇ ಸೋರಿ, ಸುತ್ತ ಗಟ್ಟಿಯಾಗಿರುತ್ತದೆ. ಸೋಂಕಲ್ಲ, ಹಾಗಾಗಿ ಆಂಟಿಬಯಾಟಿಕ್ ಡ್ರಾಪ್ಸ್‌ನಿಂದ ಕರಗುವುದಿಲ್ಲ.

ಬಟ್ಟೆ ಹೇಗೆ ಇಟ್ಟಿರಿ? ನನ್ನ ಅಕ್ಕನೂ ತಿಂಗಳಿಡೀ ಶಾಖ ಕೊಟ್ಟೆ ಅಂತ ಗೊಣಗುತ್ತಿದ್ದಳು. ಎದುರಿಗೆ ಕೂತು ನೋಡಿದೆ. ಒಂದೇ ಸಲ ಅದ್ದಿ, ಹತ್ತು ನಿಮಿಷ ಹಾಗೇ ಬಿಟ್ಟಿದ್ದಳು. ಒದ್ದೆ ಬಟ್ಟೆ ಎರಡು ನಿಮಿಷಕ್ಕೇ ಆರುತ್ತದೆ, ಮಿಕ್ಕ ಎಂಟು ನಿಮಿಷ ಸುಮ್ನೆ ದಂಡ. ಕಟ್ಟಿದ ಎಣ್ಣೆ ಮೆತ್ತಗಾಗಲು ಸುಮಾರು 40 ಡಿಗ್ರಿಯ ಶಾಖ ಬಿಡದೆ ಸಿಗಬೇಕು. ಕೈಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿದರೆ ಹಿತವಾಗಿ ಬಿಸಿ ಅನ್ನಿಸಬೇಕು, ಚುರುಕ್ ಅನ್ನಬಾರದು. ಎರಡು ಬಟ್ಟೆ ಇಟ್ಟುಕೊಂಡು ಆರಿದ ಕೂಡಲೇ ಬದಲಿಸಿ. ಐದರಿಂದ ಹತ್ತು ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ. ಆಮೇಲೆ ಕಣ್ಣು ಮುಚ್ಚಿ, ತೊಳೆದ ಬೆರಳಿನಿಂದ ಗಂಟಿನ ಮೇಲಿಂದ ರೆಪ್ಪೆಗೂದಲಿನ ಕಡೆಗೆ ಮೆಲ್ಲಗೆ ನೀವಿ. ಕೆಳರೆಪ್ಪೆಯಾದರೆ ಕೆಳಗಿಂದ ಮೇಲಕ್ಕೆ. ಹಿಚುಕಲೇಬೇಡಿ.

ಹೀಗೆ ಸರಿಯಾಗಿ ನಾಲ್ಕು ವಾರ ಮಾಡಿದರೂ ಅಕ್ಕನ ಗಂಟು ಸ್ವಲ್ಪ ಮಾತ್ರ ಇಳಿಯಿತು. ಅಷ್ಟರಲ್ಲಿ ಆ ಕಣ್ಣು ಮಂಜಾಗತೊಡಗಿತ್ತು. ಪರೀಕ್ಷಿಸಿದರೆ ಸಿಲಿಂಡರ್ ನಂಬರ್, ಅಂದರೆ ಕಣ್ಣಿನ ಮುಂಭಾಗದ ಬಾಗು ಎಲ್ಲ ಕಡೆ ಸಮ ಇಲ್ಲದಾಗ ಕನ್ನಡಕಕ್ಕೆ ಬೇಕಾಗುವ ನಂಬರ್, ಹೊಸದಾಗಿ ಬಂದಿತ್ತು. ಗಂಟು ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರವನ್ನು, ಒತ್ತುತ್ತಿತ್ತು. ಆಗ ಕೊಯ್ಯುವುದೇ ಸರಿ ಅಂತ ಡಾಕ್ಟರೂ ಅಂದರು, ನನಗೂ ಅನ್ನಿಸಿತು. ರೆಪ್ಪೆ ಮರಗಟ್ಟಲು ಇಂಜೆಕ್ಷನ್ ಕೊಟ್ಟು, ರೆಪ್ಪೆ ಮಗುಚಿ, ಒಳಗಿನಿಂದಲೇ ಸಣ್ಣಗೆ ಕೊಯ್ದು ಕೆರೆದು ತೆಗೆದರು. ಹದಿನೈದು ನಿಮಿಷದ ಕೆಲಸ. ಇಂಜೆಕ್ಷನ್ನೇ ಜಾಸ್ತಿ ನೋವು ಅಂದಳು. ಹೊಲಿಗೆ ಇಲ್ಲ, ಹೊರಗೆ ಗಾಯದ ಗುರುತೂ ಇಲ್ಲ. ಕೆಲವರು ಸ್ಟೀರಾಯ್ಡ್ ಚುಚ್ಚುತ್ತಾರೆ, ಆದರೆ ನಮ್ಮಂಥ ಕಂದು ಚರ್ಮದಲ್ಲಿ ಆ ಜಾಗ ಬೆಳ್ಳಗಾಗುವ ಭಯ ಇದೆ.

ನಿಮಗೆ ಮಂಜಿಲ್ಲದಿದ್ದರೆ ಡಾಕ್ಟರನ್ನು ಕೇಳಿ, ಮೂರ್ನಾಲ್ಕು ವಾರ ಸರಿಯಾಗಿ ಶಾಖ ಕೊಟ್ಟು ನೋಡಿ. ಇಳಿಯದಿದ್ದರೆ ಮಾಡಿಸಿಕೊಳ್ಳಿ. ಅದೇ ಜಾಗದಲ್ಲಿ ಮತ್ತೆ ಬಂದರೆ, ಇಲ್ಲವೇ ಅಲ್ಲಿನ ರೆಪ್ಪೆಗೂದಲು ಉದುರಿದರೆ, ತೆಗೆದದ್ದನ್ನು ಬಯಾಪ್ಸಿಗೆ ಕಳಿಸಲು ಹೇಳಿ. ಅಪರೂಪಕ್ಕೆ ಗ್ರಂಥಿಯ ಕ್ಯಾನ್ಸರ್ ಹೀಗೇ ವೇಷ ಹಾಕಿ ಬರುತ್ತದೆ, ವಯಸ್ಸಾದವರಲ್ಲಿ ಜಾಸ್ತಿ. ಇಡೀ ರೆಪ್ಪೆ ಊದಿ ಜ್ವರ ಬಂದರೆ, ಕಣ್ಣು ತಿರುಗಿಸಲು ನೋವಾದರೆ ಮಾತ್ರ ಬಟ್ಟೆ ಬದಿಗಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ.