ತಿಂಡಿ ಬಾಕ್ಸ್ ಸಬ್‌ಸ್ಕ್ರಿಪ್ಷನ್: ಶುರು ಮಾಡುವ ಮುಂಚೆ ಹಾಕಬೇಕಾದ ಲೆಕ್ಕ

ಪ್ರಶ್ನೆ: ಬೇರೆ ಬೇರೆ ಪ್ರದೇಶದ ತಿಂಡಿಗಳನ್ನು ಪ್ರತಿ ತಿಂಗಳು ಬಾಕ್ಸ್‌ನಲ್ಲಿ ಕಳಿಸುವ ಸಬ್‌ಸ್ಕ್ರಿಪ್ಷನ್ ಶುರು ಮಾಡಬೇಕು ಅಂತಿದ್ದೇನೆ. ಖರ್ಚು, ಸಾಗಣೆ, ಅರ್ಧಕ್ಕೇ ಬಿಟ್ಟು ಹೋಗುವವರ ಲೆಕ್ಕ ಹೇಗೆ ಹಾಕೋದು?

ಮೊದಲು ಬಾಕ್ಸ್‌ನ ಅಳತೆ ಗಟ್ಟಿ ಮಾಡಿಕೊಳ್ಳಿ. ಯಾವ ತಿಂಡಿ ಅನ್ನೋದು ಆಮೇಲೆ. ನಾನು ಇಂಥ ಬಾಕ್ಸ್‌ಗಳ ಲೆಕ್ಕ ನೋಡುವ ಕೆಲಸದಲ್ಲಿದ್ದೇನೆ. ಲಾಭ ಸೋರಿಹೋಗುವುದು ಹೆಚ್ಚಾಗಿ ಇಲ್ಲಿಂದಲೇ.

ತಿಂಡಿ ಹಗುರ, ಆದರೆ ಜಾಗ ಜಾಸ್ತಿ ತಿನ್ನುತ್ತದೆ. ಪುಡಿಯಾಗದಿರಲಿ ಎಂದು ಪೊಟ್ಟಣದೊಳಗೆ ಗಾಳಿ ತುಂಬಿರುತ್ತಾರೆ. ಕೊರಿಯರ್‌ನವರು ನಿಜವಾದ ತೂಕವನ್ನಷ್ಟೇ ನೋಡುವುದಿಲ್ಲ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಇದಕ್ಕೆ ವಾಲ್ಯುಮೆಟ್ರಿಕ್ ತೂಕ ಅಂತಾರೆ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಅನೇಕರು ಅದನ್ನು ಮುಂದಿನ ಅರ್ಧ ಕಿಲೋಗೆ ಏರಿಸಿ ಬಿಲ್ ಹಾಕುತ್ತಾರೆ.

ನಿಮ್ಮ ಬಾಕ್ಸ್ 900 ಗ್ರಾಂ ಇದೆ, ಅಳತೆ 30×22×12 ಅಂದುಕೊಳ್ಳಿ. 7920ನ್ನು 5000ದಿಂದ ಭಾಗಿಸಿದರೆ ಸುಮಾರು 1.6 ಕಿಲೋ. ಬಿಲ್ ಬರುವುದು 2 ಕಿಲೋಗೆ! ಅದೇ ತಿಂಡಿಯನ್ನು ಚಪ್ಪಟೆ ಪೊಟ್ಟಣಗಳಲ್ಲಿ ಜೋಡಿಸಿ 30×20×8ಕ್ಕೆ ಇಳಿಸಿದರೆ 0.96 ಕಿಲೋ, ಅಂದರೆ 1 ಕಿಲೋ ದರ. ಟೇಪ್ ಹಿಡಿಯುವಾಗ ಹೊರಗಿನ ಅಳತೆಯನ್ನೇ ತೆಗೆದುಕೊಳ್ಳಿ, ಅದೂ ತಿಂಡಿ ತುಂಬಿ ಮುಚ್ಚಿದ ಮೇಲೆ. ಮುಚ್ಚಳ ಒಂದು ಸೆಂಟಿಮೀಟರ್ ಉಬ್ಬಿದರೂ ಈ ಬಾಕ್ಸ್ 1 ಕಿಲೋ ದಾಟಿಬಿಡುತ್ತದೆ.

ಈಗ ಖರ್ಚು. ತೆರಿಗೆ ಕಳೆದು ಒಂದು ಬಾಕ್ಸ್‌ನಿಂದ ಕೈಗೆ ಬರುವುದನ್ನು 100 ಎಂದಿಟ್ಟುಕೊಳ್ಳಿ. ಇವು ಲೆಕ್ಕ ತೋರಿಸಲು ಹಾಕಿದ ಅಂಕಿಗಳು, ನಿಮ್ಮವನ್ನು ನೀವು ಹಾಕಿಕೊಳ್ಳಿ. ತಿಂಡಿ 38, ಬಾಕ್ಸ್ ಮತ್ತು ಪ್ಯಾಕಿಂಗ್ 9, ತುಂಬುವವರ ಕೂಲಿ 5, ಸಾಗಣೆ 22, ಪಾವತಿ ಶುಲ್ಕ 3, ಒಡೆದು ಹೋದದ್ದಕ್ಕೆ ಮತ್ತೆ ಕಳಿಸುವುದು 3. ಒಟ್ಟು 80, ಉಳಿಯುವುದು 20. ದೊಡ್ಡ ಬಾಕ್ಸ್ ಆಗಿ ಸಾಗಣೆ 34 ಆದರೆ ಉಳಿಯುವುದು ಬರೀ 8.

ಒಬ್ಬ ಹೊಸ ಗ್ರಾಹಕರನ್ನು ಕರೆತರಲು ಜಾಹೀರಾತಿಗೆ 40, ಮೊದಲ ಬಾಕ್ಸ್ ರಿಯಾಯಿತಿಗೆ 20 ಹೋಯಿತು ಅನ್ನಿ. ಈ 60 ವಾಪಸ್ ಬರಬೇಕಾದರೆ ಅವರು ಮೂರು ಬಾಕ್ಸ್ ಆದರೂ ತೆಗೆದುಕೊಳ್ಳಬೇಕು. ತೆಗೆದುಕೊಳ್ಳುತ್ತಾರಾ?

ಇಲ್ಲಿ ಬಹಳ ಜನ ಸರಾಸರಿ ನೋಡುತ್ತಾರೆ. ತಿಂಗಳಿಗೆ ನೂರಕ್ಕೆ 15 ಜನ ಬಿಟ್ಟರೆ, 1 ಭಾಗಿಸು 0.15, ಒಬ್ಬರಿಗೆ ಸುಮಾರು 6.7 ಬಾಕ್ಸ್ ಎಂದು ಖುಷಿಪಡುತ್ತಾರೆ. ಆದರೆ ಜನ ಒಂದೇ ಸಮ ಬಿಡುವುದಿಲ್ಲ. ರುಚಿ ನೋಡೋಣ ಎಂದು ಬಂದವರು ಮೊದಲ ಬಾಕ್ಸ್ ಆದಮೇಲೆ ಗುಂಪಾಗಿ ಹೋಗುತ್ತಾರೆ. ಆಮೇಲೆ ಉಳಿದವರು ನಿಧಾನವಾಗಿ ಕರಗುತ್ತಾರೆ. ಹಾಗಾಗಿ ಒಂದೇ ತಿಂಗಳು ಸೇರಿದವರನ್ನು ಒಂದು ಗುಂಪಾಗಿಟ್ಟು ಎಣಿಸಿ. 100 ಜನ ಸೇರಿ, ಮುಂದಿನ ತಿಂಗಳುಗಳಲ್ಲಿ 65, 50, 42, 37, 33 ಉಳಿದರು ಎಂದರೆ, ಆರು ತಿಂಗಳಲ್ಲಿ 327 ಬಾಕ್ಸ್. ಒಬ್ಬರಿಗೆ 3.27. ಬಾಕ್ಸ್‌ಗೆ 20ರಂತೆ ಅದರಿಂದ ಸುಮಾರು 65 ಬರುತ್ತದೆ, 60 ಕಳೆದರೆ 5 ಉಳಿಯಿತು. 8 ಮಾತ್ರ ಉಳಿಯುವ ಆ ದೊಡ್ಡ ಬಾಕ್ಸ್‌ನಲ್ಲಿ ಇದೇ ಜನರಿಂದ ತಲಾ ಬರುವುದು 26. ಅಂದರೆ ಪ್ರತಿಯೊಬ್ಬರ ಮೇಲೂ 34 ನಷ್ಟ.

ಎರಡನೇ ತಿಂಗಳ ಆ 65ರ ಮೇಲೆ ಎಲ್ಲವೂ ನಿಂತಿದೆ. ಅದು 75 ಆಗಿ, ಮುಂದಿನ ಇಳಿಕೆ ಅದೇ ಪ್ರಮಾಣದಲ್ಲಿದ್ದರೆ ಉಳಿಯುವುದು 12. ಅದೇ 55 ಆದರೆ ಲಾಭವೇ ಇಲ್ಲ.

ಇದನ್ನು ಮೊದಲೇ ತಿಳಿಯಲು ನನಗೆ ಗೊತ್ತಿರುವ ಒಳ್ಳೆಯ ದಾರಿ, ಅಪರಿಚಿತರಿಗೆ ದುಡ್ಡು ತಗೊಂಡೇ ಮೂರು ತಿಂಗಳು ಮಾರುವುದು. ಪ್ರತಿ ತಿಂಗಳೂ ಬೇರೆಯಾಗಿ ಪಾವತಿ ಆಗಬೇಕು, ಬೇಡ ಎಂದವರು ಸುಲಭವಾಗಿ ನಿಲ್ಲಿಸುವಂತಿರಬೇಕು. ಸ್ನೇಹಿತರು, ನೆಂಟರು ಈ ಲೆಕ್ಕದಲ್ಲಿ ಬೇಡ, ಅವರು ಮುಲಾಜಿಗೆ ಉಳಿಯುತ್ತಾರೆ. ರಿಯಾಯಿತಿಯನ್ನೂ ಮುಂದೆ ಕೊಡುವಷ್ಟೇ ಕೊಡಿ. 60 ಜನರಲ್ಲಿ 39 ಜನ ಎರಡನೇ ಬಾಕ್ಸ್‌ಗೆ ಉಳಿದರೆ 65 ಸಿಕ್ಕಿತು ಅನಿಸುತ್ತದೆ. ಆದರೆ ಇಷ್ಟು ಸಣ್ಣ ಗುಂಪಿನಲ್ಲಿ ನಿಜವಾದ ಪ್ರಮಾಣ 53ರಿಂದ 77ರ ನಡುವೆ ಎಲ್ಲಾದರೂ ಇರಬಹುದು. ಆದ್ದರಿಂದ 55 ಹಾಕಿ ನೋಡಿ. ಆಗಲೂ ನಷ್ಟ ಬರದಂತೆ ರಿಯಾಯಿತಿಯನ್ನೋ ಜಾಹೀರಾತಿನ ಖರ್ಚನ್ನೋ ಇಳಿಸಿಕೊಳ್ಳಿ.

ಬಿಟ್ಟವರನ್ನು ಕಾರಣ ಕೇಳಲೇಬೇಕು. ಹಲವರಿಗೆ ರುಚಿಯ ಬಗ್ಗೆ ದೂರೇ ಇರುವುದಿಲ್ಲ, ಹೋದ ತಿಂಗಳದ್ದೇ ಇನ್ನೂ ಮುಗಿದಿಲ್ಲ ಅನ್ನುತ್ತಾರೆ. ಅಂಥವರಿಗೆ ಈ ತಿಂಗಳು ಬೇಡ ಎನ್ನುವ ಬಟನ್ ಕೊಡಿ, ಅಥವಾ ಎರಡು ತಿಂಗಳಿಗೊಮ್ಮೆ ಕಳಿಸಿ. ಕಾರ್ಡ್ ಅವಧಿ ಮುಗಿದು ಪಾವತಿ ಆಗದೆ ನಿಂತವರನ್ನು ಬೇರೆ ಸಾಲಿನಲ್ಲಿ ಬರೆದುಕೊಳ್ಳಿ. ಅವರು ನಿಮ್ಮನ್ನು ಬಿಟ್ಟವರಲ್ಲ, ಒಂದು ನೆನಪಿನ ಸಂದೇಶ ಕಳಿಸಿದರೆ ಎಷ್ಟೋ ಜನ ವಾಪಸ್ ಬರುತ್ತಾರೆ.